ದೊಂದಿಯ ಬೆಳಕು ವಿಭೂತಿ ಬಳಿದ ಹಾಗೆ ಕಾಣುವುದು ಯಾಕೆ?

ಪ್ರಶ್ನೆ: ಸರ್, ನಾನು ಬ್ರಹ್ಮಾವರದವನು. ಊರಿನ ದೊಂದಿ ಬೆಳಕಿನ ಯಕ್ಷಗಾನಕ್ಕೆ ಒಂದು ನಿಮಿಷದ ಪ್ರೋಮೋ ಮಾಡ್ತಾ ಇದ್ದೇನೆ, ಆಫ್ಟರ್ ಎಫೆಕ್ಟ್ಸ್‌ನಲ್ಲಿ. ದೂರದ ಶಾಟ್‌ಗಳು ಸೋನಿ ಕ್ಯಾಮೆರಾದ S-Log3, ಹತ್ತಿರದ್ದು ಫೋನಿನದ್ದು. ದೊಂದಿಗೆ ಗ್ಲೋ ಹಾಕಿದರೆ ವಿಭೂತಿ ಬಳಿದ ಹಾಗೆ ಬೂದು ಮಂಜು ಬರ್ತದೆ. ಹಿನ್ನೆಲೆ ಬ್ಲರ್ ಮಾಡಿದರೆ ಕೆಂಪು ಮುಂಡಾಸು, ಹಸಿರು ತೋರಣದ ನಡುವೆ ಕೊಳಕು ಕಪ್ಪು ಗೆರೆ. ಒಬ್ಬರು Linearize Working Space ಟಿಕ್ ಮಾಡಿ ಎಂದರು. ಮಾಡಿದೆ. ಗೆರೆ ಹೋಯಿತು. ಆದರೆ ಹೊಗೆಯ ಪದರ ದಪ್ಪ ಬಿಳಿ ಆಯಿತು, ಟೈಟಲ್ ಅಕ್ಷರ ಊದಿಕೊಂಡಿತು, ಕತ್ತಲ ಜಾಗದಲ್ಲಿ ಪಟ್ಟಿ ಪಟ್ಟಿ, ದೊಂದಿ ಮಾತ್ರ ಮತ್ತೂ ಮಂಕು. ಟಿಕ್ ತೆಗೆದುಬಿಟ್ಟೆ. ಯಾವುದು ಸರಿ?

ಉತ್ತರ: ಟಿಕ್ ಸರಿಯೇ ಮಾರಾಯ್ರೆ, ಆದರೆ ಅದು ಅರ್ಧ ಕೆಲಸ. ಉಳಿದ ಅರ್ಧ ನಿಮ್ಮ ದೊಂದಿಯ ಒಳಗೇ ಉಂಟು. ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಹೆಚ್ಚಿನವರು ನಿಮ್ಮ ಹಾಗೇ ಟಿಕ್ ಹಾಕಿ, ನೋಡಿ, ಹೆದರಿ ತೆಗೆದುಬಿಡುತ್ತಾರೆ. ನಾನೂ ಎರಡು ಸಲ ಹಾಗೆ ಮಾಡಿದವನೇ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ, ಐದು ನಿಮಿಷ ಸಾಕು. ಒಂದು ಪಿಕ್ಸೆಲ್ ಎತ್ತರದ ಕಪ್ಪು ಗೆರೆ, ಒಂದು ಪಿಕ್ಸೆಲ್ ಬಿಳಿ ಗೆರೆ, ಹೀಗೆ ಅಡ್ಡಡ್ಡಕ್ಕೆ ತುಂಬಿದ ಒಂದು ಚೌಕ ಮಾಡಿ. ಅದರ ಎಡಕ್ಕೆ 128 ಬೂದು, ಬಲಕ್ಕೆ 188 ಬೂದು ಇಡಿ. ಜೂಮ್ ಸರಿಯಾಗಿ 100% ಇರಬೇಕು, ವಿಂಡೋಸ್‌ನಲ್ಲಿ 125% ಸ್ಕೇಲಿಂಗ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಗೆರೆಗಳೇ ಕಲಸಿಹೋಗುತ್ತವೆ. ಈಗ ಕುರ್ಚಿಯಿಂದ ಎದ್ದು ಕೋಣೆಯ ಆಚೆ ಬದಿಗೆ ಹೋಗಿ ನೋಡಿ. ಗೆರೆಗಳು ಕರಗಿ ಒಂದೇ ಬೂದು ಆಗಿ ಕಾಣುತ್ತವೆ. ಆ ಬೂದು 128ಕ್ಕೆ ಹೊಂದುವುದಿಲ್ಲ, 188ರ ಹತ್ತಿರ ಹೊಂದುತ್ತದೆ.

ಯಾಕೆ? ಅರ್ಧ ಜಾಗ ಬಿಳಿ, ಅರ್ಧ ಜಾಗ ಕಪ್ಪು, ಅಂದರೆ ಕಣ್ಣಿಗೆ ಬರುವ ಬೆಳಕು ಸರಿಯಾಗಿ ಅರ್ಧ. ಆ ಅರ್ಧ ಬೆಳಕಿಗೆ ಫೈಲಿನಲ್ಲಿ ಬರೆಯುವ ಸಂಖ್ಯೆ 188. ನಾವು ಅರ್ಧ ಎಂದುಕೊಂಡ 128 ನಿಜಕ್ಕೂ ಸುಮಾರು 21.6% ಬೆಳಕು ಮಾತ್ರ. ಫೈಲಿನ ಸಂಖ್ಯೆ ಬೆಳಕಿನ ಅಳತೆ ಅಲ್ಲ, ಬೆಳಕಿಗೆ ಕೊಟ್ಟ ಒಂದು ಸಂಕೇತ. sRGBಯಲ್ಲಿ ಸಂಕೇತದಿಂದ ಬೆಳಕಿಗೆ ಹೋಗುವ ದಾರಿ ಇದು, V ಎಂದರೆ 0ರಿಂದ 1ರೊಳಗಿನ ಫೈಲ್ ಸಂಖ್ಯೆ, L ಎಂದರೆ ಬೆಳಕು:

```
V <= 0.04045 :  L = V / 12.92
V >  0.04045 :  L = ((V + 0.055) / 1.055) ^ 2.4
```

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸಾಫ್ಟ್‌ವೇರ್ ಮಾಡಿಕೊಳ್ಳುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಬ್ಲರ್ ಎಂದರೆ ಸರಾಸರಿ, ಗ್ಲೋ ಎಂದರೆ ಕೂಡಿಸುವುದು, ಪಾರದರ್ಶಕತೆ ಎಂದರೆ ಪಾಲು ಹಾಕುವುದು. ಈ ಮೂರು ಲೆಕ್ಕವೂ ಬೆಳಕಿನ ಮೇಲೆ ನಡೆಯಬೇಕು. ಸಂಕೇತದ ಮೇಲೆ ನಡೆದರೆ ಉತ್ತರ ತಪ್ಪು. ಸಂಕೇತವನ್ನು ಬಿಚ್ಚಿ ಬೆಳಕಿನ ಅಳತೆಗೆ ತರುವುದಕ್ಕೇ ಲೀನಿಯರ್ ಮಾಡುವುದು ಎನ್ನುವುದು, ನಿಮ್ಮ ಟಿಕ್ ಮಾಡುವುದೂ ಅದನ್ನೇ.

ನಿಮ್ಮ ಕೆಂಪು-ಹಸಿರು ಗೆರೆ ಇದಕ್ಕೆ ಒಳ್ಳೆಯ ಉದಾಹರಣೆ. ಶುದ್ಧ ಕೆಂಪು, ಶುದ್ಧ ಹಸಿರು ಎಂದಿಟ್ಟುಕೊಳ್ಳಿ. ಸಂಕೇತಗಳನ್ನೇ ಅರ್ಧರ್ಧ ಬೆರೆಸಿದರೆ ನಡುವೆ ಸಿಗುವುದು 128, 128, 0. ಬೆಳಕಿನ ಲೆಕ್ಕದಲ್ಲಿ ಕೆಂಪು 0.216, ಹಸಿರು 0.216. ಎರಡೂ 0.5 ಇರಬೇಕಿತ್ತು. ಅರ್ಧಕ್ಕಿಂತ ಜಾಸ್ತಿ ಬೆಳಕು ದಾರಿಯಲ್ಲೇ ಮಾಯ! ಆ ಮಾಯವಾದ ಬೆಳಕೇ ನೀವು ಕಂಡ ಕೊಳಕು ಗೆರೆ. ಬೆಳಕಿನಲ್ಲಿ ಬೆರೆಸಿದರೆ ನಡುವೆ 188, 188, 0, ಅಂದರೆ ಚೊಕ್ಕ ಹಳದಿ. ಇದು ಟಿಕ್ ಹಾಕಿದ ಕೂಡಲೇ ಸರಿಹೋಯಿತು ಎಂದು ನೀವೇ ಬರೆದಿದ್ದೀರಿ. ನಂಬಿಕೆ ಬಾರದಿದ್ದರೆ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಚಿತ್ರವನ್ನು ಎರಡು ರೀತಿ ಬ್ಲರ್ ಮಾಡಿ ಪಕ್ಕಪಕ್ಕ ಇಡಿ:

```
magick in.png -blur 0x20 encoded.png
magick in.png -colorspace RGB -blur 0x20 -colorspace sRGB linear.png
```

ಇನ್ನು ಆ ಪಟ್ಟಿ ಪಟ್ಟಿ. ನಿಮ್ಮ ಪ್ರಾಜೆಕ್ಟ್ 8 ಬಿಟ್‌ನಲ್ಲಿ ಉಂಟು ಅಂತ ನನ್ನ ಊಹೆ. ಸಂಕೇತ ಎಂಬುದು ಸುಮ್ನೆ ಬಂದದ್ದಲ್ಲ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಅದಕ್ಕಾಗಿ ಇರುವ 256 ಮೆಟ್ಟಿಲುಗಳಲ್ಲಿ ಜಾಸ್ತಿ ಪಾಲನ್ನು ಕತ್ತಲಿಗೆ ಕೊಡುತ್ತಾರೆ. ಸಂಕೇತದಲ್ಲಿ 0ರಿಂದ 30ರವರೆಗೆ 30 ಮೆಟ್ಟಿಲು. ಅಷ್ಟೇ ಕತ್ತಲನ್ನು ಬೆಳಕಿನ ಅಳತೆಗೆ ತಿರುಗಿಸಿದರೆ 30 ಎಂಬುದು 0.013 ಆಗುತ್ತದೆ, ಅದನ್ನು ಮತ್ತೆ 8 ಬಿಟ್‌ನಲ್ಲಿ ತುರುಕಿದರೆ ಸಿಗುವುದು ಬರೀ 3 ಮೆಟ್ಟಿಲು. ರಾತ್ರಿಯ ಆಟ, ಗದ್ದೆಯ ಕತ್ತಲು, ಅಲ್ಲಿ ಮೂರೇ ಮೆಟ್ಟಿಲು ಎಂದರೆ ಪಟ್ಟಿ ಬರದೆ ಇನ್ನೆಂತ ಬರುತ್ತದೆ? ಪ್ರಾಜೆಕ್ಟ್ ಪ್ಯಾನೆಲ್ಲಿನ ಕೆಳಗೆ `8 bpc` ಎಂದು ಬರೆದಿರುತ್ತದಲ್ಲ, Alt ಒತ್ತಿ ಅದರ ಮೇಲೆ ಕ್ಲಿಕ್ ಮಾಡುತ್ತಾ `32 bpc`ಗೆ ತನ್ನಿ. 16ರಲ್ಲಿ ನಿಲ್ಲಿಸಬೇಡಿ. ಆಫ್ಟರ್ ಎಫೆಕ್ಟ್ಸ್‌ನ 16 ಬಿಟ್ 1ಕ್ಕಿಂತ ಮೇಲಿನ ಬೆಳಕನ್ನು ಕತ್ತರಿಸುತ್ತದೆ, ನಮಗೆ ಬೇಕಾದ್ದೇ ಆ ಮೇಲಿನದ್ದು. ಮೆಮೊರಿ ನಾಲ್ಕು ಪಟ್ಟು ತಿನ್ನುತ್ತದೆ, ಪ್ರಿವ್ಯೂ ನಿಧಾನವಾಗುತ್ತದೆ. ಅರ್ಧ ರೆಸಲ್ಯೂಷನ್‌ನಲ್ಲಿ ನೋಡಿಕೊಂಡು ಹೋಗುವುದು ಬಿಟ್ಟರೆ ಅದಕ್ಕೆ ಬೇರೆ ದಾರಿ ಇಲ್ಲ.

ಈಗ ದೊಂದಿ. ಇಲ್ಲಿ ಸ್ವಲ್ಪ ನಿಧಾನ ಓದಿ, ಎಲ್ಲ ಇದರಲ್ಲೇ ಇರುವುದು.

ಫೋಕಸ್ ತಪ್ಪಿದ ಲೆನ್ಸಿನ ಹಾಗೆ ಒಂದು ದೊಡ್ಡ ವೃತ್ತದ ಬ್ಲರ್ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಆ ವೃತ್ತದ ಜಾಗದಲ್ಲಿ ಜ್ವಾಲೆ ಇರುವುದು 4%, ಉಳಿದ 96% ಕತ್ತಲು, ಫೈಲಿನ ಲೆಕ್ಕದಲ್ಲಿ 30. ಜ್ವಾಲೆ 255.

ಟಿಕ್ ಇಲ್ಲದೆ ಸಂಕೇತದ ಮೇಲೇ ಸರಾಸರಿ ಮಾಡಿದರೆ 255ರ 4% ಮತ್ತು 30ರ 96% ಸೇರಿ 39. ಹಿನ್ನೆಲೆ 30, ದೊಂದಿಯ ಬೆಳಕು 39. ಬೆಂಕಿ ಎಲ್ಲಿ ಹೋಯಿತು?

ಟಿಕ್ ಹಾಕಿದಿರಿ. ಈಗ ಜ್ವಾಲೆ ಬೆಳಕಿನ ಲೆಕ್ಕದಲ್ಲಿ 1, ಕತ್ತಲು 0.013. ಸರಾಸರಿ 0.0525. ತಿರುಗಿ ಸಂಕೇತಕ್ಕೆ ತಂದರೆ 65. ಸ್ವಲ್ಪ ಪರವಾಗಿಲ್ಲ, ಆದರೂ ಮಂಕು. ನೀವು ನೋಡಿದ್ದು ಇದನ್ನೇ.

ಮೂರನೆಯದು ನಿಜವಾದದ್ದು. ದೊಂದಿಯ ಜ್ವಾಲೆ ಎಂದರೆ ಬಿಳಿ ಕಾಗದದಷ್ಟೇ ಬೆಳಕಾ? ಅಲ್ವಲ್ಲ. ಅದರ ಬೆಳಕಿನಲ್ಲಿ ಹಿಡಿದ ಬಿಳಿ ಪಂಚೆಗಿಂತ ಜ್ವಾಲೆ ಎಷ್ಟೋ ಪಟ್ಟು ಜಾಸ್ತಿ ಉರಿಯುತ್ತದೆ. 20 ಪಟ್ಟು ಎಂದಿಡೋಣ. 20ರ 4% ಎಂದರೆ 0.8, ಕತ್ತಲಿನ ಪಾಲು ಸೇರಿ 0.8125. ಸಂಕೇತಕ್ಕೆ ತಂದರೆ 233.

39, 65, 233. ಟಿಕ್ ಕೊಟ್ಟದ್ದು 39ರಿಂದ 65ರವರೆಗಿನ ಜಿಗಿತ. ಉಳಿದ 65ರಿಂದ 233ರವರೆಗಿನದ್ದು ಜ್ವಾಲೆಯೊಳಗೆ 1ಕ್ಕಿಂತ ಮೇಲಿನ ಬೆಳಕು ಇದೆಯೋ ಇಲ್ಲವೋ ಎಂಬುದರಿಂದ ಬರುವುದು. ಲೀನಿಯರ್ ಮಾಡಿದರೆ ಎಲ್ಲ ತನ್ನಿಂದ ತಾನೇ ಸುಂದರ ಆಗುತ್ತದೆ ಎಂಬ ಮಾತು ಅರ್ಧ ಸುಳ್ಳಾಗುವುದು ಇಲ್ಲಿ. ಮೊದಲೇ ಕತ್ತರಿಸಿಹೋದ ಬೆಳಕನ್ನು ಲೀನಿಯರ್ ಮಾಡಿದರೆ ಸಿಗುವುದು ಲೀನಿಯರ್ ಆದ ಕತ್ತರಿಸಿದ ಬೆಳಕು, ಅಷ್ಟೇ.

ನಿಮ್ಮ ಸೋನಿ ಶಾಟ್‌ಗಳಲ್ಲಿ ಆ ಬೆಳಕು ಇನ್ನೂ ಉಂಟು, ಸಂತೋಷದ ವಿಷಯ. S-Log3 ಎಂಬ ಲಾಗ್ ಸಂಕೇತ ಇರುವುದೇ ಅದಕ್ಕೆ. ಅದರ ಕಟ್ಟಕಡೆಯ ಸಂಖ್ಯೆಗೆ ಬೆಳಕಿನ ಲೆಕ್ಕದಲ್ಲಿ 38ರಷ್ಟು ಬರುತ್ತದೆ, ಸೆನ್ಸರ್ ಅದಕ್ಕಿಂತ ಮೊದಲೇ ಸೋಲುತ್ತದೆ ಅನ್ನಿ, ಆದರೂ 1ಕ್ಕಿಂತ ತುಂಬಾ ಮೇಲೆ ಹೋಗುತ್ತದೆ. ಹಾಗಾದರೆ ಅದರಲ್ಲೂ ದೊಂದಿ ಮಂಕು ಯಾಕೆ? ಹೆಚ್ಚಿನವರು ಮಾಡುವುದು ಏನೆಂದರೆ, ಬೂದುಬೂದಾಗಿ ಕಾಣುವ ಲಾಗ್ ಫೂಟೇಜಿಗೆ ಮೊದಲೇ ಒಂದು Rec.709 ಲಟ್, ಅಂದರೆ ಸಾದಾ ಪರದೆಗೆ ಹೊಂದುವಂತೆ ಬಣ್ಣ ಬದಲಿಸುವ ಕೋಷ್ಟಕ, ಹಾಕಿ, ಚಂದ ಕಂಡ ಮೇಲೆ ಗ್ಲೋ ಶುರು ಮಾಡುವುದು. ಆ ಲಟ್ ಎಲ್ಲ ಬೆಳಕನ್ನೂ 1ರ ಒಳಗೆ ಅಮುಕಿ ಕೊಡುತ್ತದೆ. ಅದು ಪರದೆಗೆ ಕಳಿಸುವ ಕೊನೆಯ ಹೆಜ್ಜೆ, ಅದನ್ನು ಮೊದಲು ಹಾಕಿದರೆ ಮುಂದೆ ಮಾಡುವುದೆಲ್ಲ ಉರಿದ ಬೂದಿಯ ಮೇಲೆ.

ಸರಿಯಾಗಿ ಬಂತೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ನೋಡಬೇಡಿ. Info ಪ್ಯಾನೆಲ್ಲನ್ನು ದಶಮಾಂಶಕ್ಕೆ ಹಾಕಿ, 0.0ಯಿಂದ 1.0 ತೋರಿಸುವ ಆಯ್ಕೆ ಇದೆ, ಮೌಸ್ ಅನ್ನು ಎರಡು ಕಡೆ ಇಡಿ. ಒಂದು, ಶೂಟಿಂಗ್ ದಿನ ಬೂದು ಕಾರ್ಡ್ ಹಿಡಿದಿದ್ದರೆ ಅದರ ಮೇಲೆ. ಎಕ್ಸ್‌ಪೋಷರ್ ಸರಿ ಇದ್ದರೆ ಅದು 0.18ರ ಹತ್ತಿರ ಓದಬೇಕು. 0.41 ಬಂದರೆ ಲಾಗ್ ಹಾಗೇ ಉಳಿದಿದೆ, ಯಾರೂ ಬಿಚ್ಚಿಲ್ಲ. 0.46 ಬಂದರೆ sRGB ಸಂಕೇತವೇ ಇನ್ನೂ ಇದೆ. 0.03ಕ್ಕಿಂತಲೂ ಕೆಳಗೆ ಹೋದರೆ ಎರಡೆರಡು ಸಲ ಲೀನಿಯರ್ ಮಾಡಿದ್ದೀರಿ. ತುಂಬಾ ಮೋಸ ಮಾಡುವುದು 0.14. ಲಾಗ್ ಫೂಟೇಜನ್ನು ಸಾಫ್ಟ್‌ವೇರ್ ಸಾದಾ sRGB ಎಂದು ತಿಳಿದು ಲೀನಿಯರ್ ಮಾಡಿದಾಗ ಬರುವ ಸಂಖ್ಯೆ ಇದು. 0.18ರ ಹತ್ತಿರವೇ ಇದೆ, ಚಿತ್ರ ಸ್ವಲ್ಪ ಸಪ್ಪೆ ಅನಿಸಿದರೂ ಪರವಾಗಿಲ್ಲ ಎನ್ನುವ ಹಾಗೆ ಕಾಣುತ್ತದೆ, ಆದರೆ ಜ್ವಾಲೆ ಯಾವತ್ತೂ 1 ದಾಟುವುದಿಲ್ಲ. ಎರಡನೆಯ ಜಾಗ ಅದೇ, ಜ್ವಾಲೆಯ ನಡು. ಅಲ್ಲಿ 5, 9, 14 ಅಂತ ಏನಾದರೂ ಓದಿದರೆ ಬೆಳಕು ಜೀವಂತ ಉಂಟು. 1.0ರಲ್ಲಿ ಗೋಡೆಗೆ ತಾಗಿದ ಹಾಗೆ ನಿಂತರೆ ಎಲ್ಲೋ ಕತ್ತರಿ ಬಿದ್ದಿದೆ.

ಲಾಗ್ ಬಿಚ್ಚಲು ಎರಡು ದಾರಿ. ಹೊಸ ಆಫ್ಟರ್ ಎಫೆಕ್ಟ್ಸ್ ಇದ್ದರೆ Project Settings ಒಳಗೆ ಕಲರ್ ಎಂಜಿನನ್ನು OCIOಗೆ ತನ್ನಿ, ವರ್ಕಿಂಗ್ ಸ್ಪೇಸ್ ACEScg ಕೊಡಿ. ಅದು ಹುಟ್ಟಾ ಲೀನಿಯರ್, ನಿಮ್ಮ ಹಳೆಯ ಟಿಕ್ಕಿನ ಕೆಲಸವೇ ಇಲ್ಲ. ಆಮೇಲೆ ಒಂದೊಂದು ಫೂಟೇಜಿನ Interpret Footageಗೆ ಹೋಗಿ ಸೋನಿಯದ್ದಕ್ಕೆ S-Log3 ಜೊತೆ S-Gamut3.Cine ಎಂದೂ, ಫೋನಿನದ್ದಕ್ಕೆ Rec.709 ಎಂದೂ ಹೇಳಿ. ಶೂಟಿಂಗ್‌ನಲ್ಲಿ ಸುಮ್ನೆ S-Gamut3 ಇಟ್ಟಿದ್ದರೆ ಅದನ್ನೇ ಕೊಡಿ. ಹೆಸರು ಒಂದೇ ತರ ಕಂಡರೂ ಬಣ್ಣದ ತ್ರಿಕೋನ ಬೇರೆ, ಕೆಂಪು ಬೇರೆ ಕಡೆ ಹೋಗಿ ಕೂರುತ್ತದೆ. ಲೀನಿಯರ್ ಎಂಬುದೊಂದೇ ಪೂರ್ತಿ ಕಲರ್ ಸ್ಪೇಸ್ ಅಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಬೆಳಕು ಎಷ್ಟು ಎಂಬುದು ಒಂದು ಪ್ರಶ್ನೆ, ಯಾವ ಕೆಂಪಿನ ಎಷ್ಟು ಪಾಲು ಎಂಬುದು ಇನ್ನೊಂದು.

ಎರಡನೆಯ ದಾರಿ ಡಾವಿಂಚಿ ರಿಸಾಲ್ವ್, ಉಚಿತದ್ದು ಸಾಕು. Color Space Transform ಹಾಕಿ, ಒಳಗೆ S-Gamut3.Cine ಮತ್ತು S-Log3, ಹೊರಗೆ Rec.709 ಮತ್ತು Linear, ಮುಖ್ಯವಾಗಿ Tone Mapping ಅನ್ನು None ಮಾಡಿ. ಅದನ್ನು ಹಾಗೇ ಬಿಟ್ಟರೆ ನಿಮ್ಮ ಜ್ವಾಲೆಯನ್ನು ಅದೇ ಅಮುಕಿ ಕೊಟ್ಟು ಕೂತಿರುತ್ತದೆ, ಮತ್ತೆ ಮೊದಲಿನ ಕಥೆ. ಹಾಫ್ ಫ್ಲೋಟ್ EXR ಆಗಿ ಹೊರಗೆ ತೆಗೆಯಿರಿ. ಈ ದಾರಿಯಲ್ಲಿ ಒಂದು ಅಪಾಯ: ಆಟದ ಬಯಲಿನಲ್ಲಿ ನೀಲಿ ಎಲ್‌ಇಡಿ ಲೈಟು ಇದ್ದರೆ ಆ ನೀಲಿ Rec.709ರ ಹೊರಗೆ ಬಿದ್ದು ಕೆಲವು ಚಾನೆಲ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಬ್ಲರ್ ಮಾಡಿದಾಗ ಸುತ್ತ ಕಪ್ಪು ಕಲೆ ಬರುತ್ತದೆ. ACEScg ವಿಶಾಲ, ಅಲ್ಲಿ ಈ ಕಾಟ ಕಮ್ಮಿ. (ದೊಂದಿ ಬೆಳಕಿನ ಆಟಕ್ಕೆ ನೀಲಿ ಎಲ್‌ಇಡಿ ಯಾಕೆ ಹಾಕುತ್ತಾರೆ ಎಂದು ಕೇಳಬೇಡಿ, ನಾನು ನೋಡಿದ್ದೇನೆ.)

ಫೋನಿನ ಕ್ಲೋಸಪ್ ಬೇರೆ ವಿಷಯ. ಅಲ್ಲಿ ಜ್ವಾಲೆ ಕ್ಯಾಮೆರಾದಲ್ಲೇ ಸತ್ತಿದೆ. ಯಾವ ಕಲರ್ ಸ್ಪೇಸ್ ಕೊಟ್ಟರೂ ಎದ್ದು ಬರುವುದಿಲ್ಲ. ಹಾಗಾಗಿ ನಾವೇ ಕೊಡಬೇಕು, ಕಳ್ಳತನ ಅಂದರೂ ಸರಿ. ಆ ಪದರದ ಒಂದು ಪ್ರತಿ ಮಾಡಿ, 0.9ಕ್ಕಿಂತ ಮೇಲಿರುವ ಭಾಗಕ್ಕೆ ಮಾತ್ರ ಮೆದುವಾದ ಅಂಚಿನ ಲೂಮಾ ಮ್ಯಾಟ್ ಹಾಕಿ, Exposure ಎಫೆಕ್ಟಿನಲ್ಲಿ 4 ಸ್ಟಾಪ್ ಏರಿಸಿ. ಒಂದು ಸ್ಟಾಪ್ ಎಂದರೆ ಎರಡು ಪಟ್ಟು, ನಾಲ್ಕು ಎಂದರೆ 16 ಪಟ್ಟು. ಪಂಚೆಯೋ ಹಲ್ಲೋ ಬಿಳಿಯಾಗಿ ಹೊಳೆದು ಆ ಮ್ಯಾಟಿನೊಳಗೆ ಬಂದರೆ ಅದೂ ಉರಿಯಲು ಶುರುವಾಗುತ್ತದೆ, ಆದ್ದರಿಂದ ಜ್ವಾಲೆಯ ಸುತ್ತ ಕೈಯಿಂದ ಒಂದು ಸಡಿಲ ಮಾಸ್ಕ್ ಕಟ್ಟಿ.

ಇಷ್ಟೇ ಮಾಡಿದರೆ ಗ್ಲೋ ಬರುತ್ತದೆ, ಆದರೆ ಬಿಳಿ ಗ್ಲೋ, ಟ್ಯೂಬ್‌ಲೈಟಿನ ಹಾಗೆ. ಫೋನಿನಲ್ಲಿ ಜ್ವಾಲೆಯ ನಡು ಮೂರೂ ಚಾನೆಲ್ಲಿನಲ್ಲಿ 1ಕ್ಕೆ ತಾಗಿ ಬಿಳಿಯಾಗಿದೆ, ಎಣ್ಣೆಯ ಬೆಂಕಿಯ ಬಣ್ಣ ಉಳಿದಿಲ್ಲ. ಆ 16 ಪಟ್ಟಿಗೆ ಬಣ್ಣವನ್ನೂ ಕೊಡಿ: ಕೆಂಪು 16, ಹಸಿರು 8, ನೀಲಿ 3. ಜ್ವಾಲೆ ಕಿತ್ತಳೆಯಾಗಿ ಹೋದೀತು ಎಂದು ಹೆದರಬೇಡಿ. ಮೂರೂ 1ಕ್ಕಿಂತ ಮೇಲಿವೆ, ಸಾದಾ ಪರದೆಯಲ್ಲಿ ನಡು ಬಿಳಿಯಾಗೇ ಕಾಣುತ್ತದೆ. ಆದರೆ ಗ್ಲೋ ಹರಡಿ, ಅದರ ನಲ್ವತ್ತರಲ್ಲಿ ಒಂದು ಪಾಲು ಬೀಳುವ ಜಾಗದಲ್ಲಿ ಬೆಳಕು 0.4, 0.2, 0.075 ಆಗುತ್ತದೆ, ಪರದೆಯಲ್ಲಿ 170, 124, 77. ಬೆಚ್ಚಗಿನ ಕಿತ್ತಳೆ. ನಡು ಬಿಳಿ, ಸುತ್ತ ಕಿತ್ತಳೆ. ಕಣ್ಣೆದುರಿನ ದೊಂದಿ ಇರುವುದೂ ಹಾಗೇ ಅಲ್ವಾ? ಇದಕ್ಕೆಂದು ಎರಡು ಬಣ್ಣದ ಗ್ಲೋ ಪ್ಲಗಿನ್ ಕೊಂಡುಕೊಳ್ಳುವವರಿದ್ದಾರೆ.

ಗ್ಲೋ ಕಟ್ಟುವ ರೀತಿಯೂ ಬದಲಾಗಬೇಕು. ಹಳೆಯ ಅಭ್ಯಾಸ ಏನು? ಥ್ರೆಶೋಲ್ಡ್ ಇಟ್ಟು ಬೆಳ್ಳಗಿನದ್ದನ್ನು ಮಾತ್ರ ಆಯ್ದು, ಬ್ಲರ್ ಮಾಡಿ, ಸ್ಕ್ರೀನ್ ಮಾಡುವುದು. ಸಂಕೇತದ ಲೋಕದಲ್ಲಿ ಜ್ವಾಲೆಗೂ ಬಿಳಿ ಪಂಚೆಗೂ ವ್ಯತ್ಯಾಸವೇ ಇಲ್ಲದ್ದರಿಂದ ಆ ಊರುಗೋಲು ಬೇಕಿತ್ತು. ಈಗ ಬೇಡ. ನಿಜವಾದ ಲೆನ್ಸಿನಲ್ಲಿ ಎಲ್ಲ ಬೆಳಕೂ ಚೂರು ಚೂರು ಚದುರುತ್ತದೆ, ಪಂಚೆಯ ಬೆಳಕಿನ ಚೂರು ಕಣ್ಣಿಗೆ ಬೀಳುವುದಿಲ್ಲ, ಜ್ವಾಲೆಯದ್ದು ಬೀಳುತ್ತದೆ, ಅಷ್ಟೇ. ಹಾಗಾಗಿ ಇಡೀ ಶಾಟನ್ನು ಪ್ರೀಕಾಂಪ್ ಮಾಡಿ ಮೂರು ಪ್ರತಿ ತೆಗೆಯಿರಿ. ಒಂದಕ್ಕೆ 10 ಪಿಕ್ಸೆಲ್, ಒಂದಕ್ಕೆ 40, ಒಂದಕ್ಕೆ 160 ಗಾಸಿಯನ್ ಬ್ಲರ್. ಮೂರೂ Add ಮೋಡ್, ಒಪಾಸಿಟಿ 5%, 2%, 1%. ಥ್ರೆಶೋಲ್ಡ್ ಇಲ್ಲ. ಇದು ಫುಲ್ ಎಚ್‌ಡಿಗೆ ನಾನು ಶುರು ಮಾಡುವ ಅಂಕಿ, 4ಕೆ ಆದರೆ ಬ್ಲರ್ ದುಪ್ಪಟ್ಟು. ಇಷ್ಟು ಕಮ್ಮಿ ಒಪಾಸಿಟಿ ನೋಡಿ ಏನೂ ಆಗಲಿಕ್ಕಿಲ್ಲ ಎನಿಸುತ್ತದೆ, ಆದರೆ 16ರ 5% ಎಂದರೆ 0.8, ಅದನ್ನು ಮರೆಯಬೇಡಿ. ಒಂದು ವೇಳೆ ಗ್ಲೋ ಕಾಣಲು 40% ಹಾಕಬೇಕಾಗಿ ಬಂದರೆ ನಿಲ್ಲಿಸಿ, ಜ್ವಾಲೆಯ ಮೇಲೆ ಮೌಸ್ ಇಟ್ಟು ಓದಿ. ಅದು 1ರಲ್ಲೇ ಕೂತಿರುತ್ತದೆ.

ಸ್ಕ್ರೀನ್ ಮೋಡ್ ಯಾಕೆ ಬೇಡ ಎಂದರೆ ಅದರ ಲೆಕ್ಕ `1-(1-a)(1-b)`. 0 ಮತ್ತು 1ರ ನಡುವೆ ಎಷ್ಟು ಚಂದದ ಲೆಕ್ಕ. ಆದರೆ a 3, b 2 ಕೊಟ್ಟು ನೋಡಿ, ಉತ್ತರ −1. ಎರಡು ಬೆಳಕು ಕೂಡಿ ಕತ್ತಲಾಯಿತು! ಕೆಲವು ಸಾಫ್ಟ್‌ವೇರ್ ಇದಕ್ಕೆ ಒಳಗೇ ತಡೆ ಹಾಕಿರುತ್ತವೆ, ಕೆಲವು ಹಾಕಿರುವುದಿಲ್ಲ. ಹಿಂದೊಮ್ಮೆ ಮಂಗಳೂರಿನ ಒಂದು ಚಿನ್ನದ ಅಂಗಡಿಯ ದೀಪಾವಳಿ ಜಾಹೀರಾತಿಗೆ ನಾನು ಹಳೆಯ ಪ್ರಾಜೆಕ್ಟನ್ನೇ 32 ಬಿಟ್‌ಗೆ ಏರಿಸಿ, ಸ್ಕ್ರೀನ್ ಪದರಗಳನ್ನು ಹಾಗೇ ಬಿಟ್ಟು ರೆಂಡರ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಪ್ರತಿ ಹಣತೆಯ ನಡುವೆ ಒಂದೊಂದು ಕಪ್ಪು ತೂತು, ಇಲಿ ಕಚ್ಚಿದ ಹಾಗೆ. ಗ್ರಾಫಿಕ್ಸ್ ಕಾರ್ಡ್ ಹೋಯಿತೆಂದು ಅರ್ಧ ದಿನ ಅದಕ್ಕೇ ಬೈದೆ. ಕಾರ್ಡಿನ ತಪ್ಪೇನೂ ಇರಲಿಲ್ಲ. ಓವರ್‌ಲೇ, ಸಾಫ್ಟ್ ಲೈಟ್ ಕೂಡ ಹಾಗೇ, ಅವು 0.5 ಎಂಬುದೇ ನಡು ಎಂದು ನಂಬಿ ಹುಟ್ಟಿದವು, ಬೆಳಕಿನ ಲೋಕದಲ್ಲಿ ನಡು 0.18ರ ಹತ್ತಿರ. Add ಮತ್ತು Multiply ಎರಡನ್ನೇ ನಂಬಿ.

ಹೊಗೆ ದಪ್ಪವಾದದ್ದು ತಪ್ಪಲ್ಲ, ಹಳೆಯ ಅಂಕಿ ಹೊಸ ಲೆಕ್ಕಕ್ಕೆ ಬಂದದ್ದು. ಬಿಳಿ ಹೊಗೆ 20% ಒಪಾಸಿಟಿಯಲ್ಲಿ, ಕೆಳಗೆ 30ರ ಕತ್ತಲು: ಮೊದಲು 75 ಬರುತ್ತಿತ್ತು, ಈಗ 126. ಮೊದಲಿನ ಹಾಗೆ ಬೇಕಿದ್ದರೆ ಒಪಾಸಿಟಿ 6%ಗೆ ಇಳಿಸಿ. ಅದಕ್ಕಿಂತ ಒಳ್ಳೆಯದು, ಹೊಗೆಯ ಬಣ್ಣವನ್ನೇ ಕುಗ್ಗಿಸಿ. ರಾತ್ರಿಯ ಹೊಗೆ ತನ್ನಷ್ಟಕ್ಕೆ ಬೆಳ್ಳಗಿರುವುದಿಲ್ಲ, ದೊಂದಿಯ ಹತ್ತಿರ ಇದ್ದಲ್ಲಿ ಮಾತ್ರ ಕಿತ್ತಳೆ, ದೂರಕ್ಕೆ ಹೋದ ಹಾಗೆ ಕಪ್ಪು.

ಟೈಟಲನ್ನು ಮಾತ್ರ ಈ ಪ್ರಾಜೆಕ್ಟಿನಿಂದ ಹೊರಗೆ ಹಾಕಿ. ಅಕ್ಷರದ ಅಂಚಿನ ಪಿಕ್ಸೆಲ್‌ಗಳು ಅರ್ಧ ಪಾರದರ್ಶಕ. ಕಪ್ಪಿನ ಮೇಲೆ ಬಿಳಿ ಅಕ್ಷರ ಇದ್ದರೆ ಮೊದಲು 128 ಬರುತ್ತಿದ್ದ ಅಂಚು ಈಗ 188, ಅದಕ್ಕೇ ಊದಿದ್ದು. ಬಿಳಿ ಮೇಲೆ ಕಪ್ಪು ಅಕ್ಷರ ಆಗಿದ್ದರೆ ಸಣಕಲಾಗುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಇದು ಅಷ್ಟು ತಾಗುವುದಿಲ್ಲ, ನಮ್ಮ ಕನ್ನಡದ ಒತ್ತಕ್ಷರದ ಸಂದುಗಳು, ‘ಕ್ಷ’ದ ಒಳಗಿನ ಸಣ್ಣ ಕಿಂಡಿ, ಎಲ್ಲ ಮುಚ್ಚಿಹೋಗುತ್ತದೆ. ಕಾಂಪೋಸಿಟ್ ಮುಗಿಸಿ ರೆಂಡರ್ ಮಾಡಿ, ಅಕ್ಷರವನ್ನೂ ಫೇಡ್ ಔಟನ್ನೂ ಎಡಿಟಿಂಗ್ ಟೈಮ್‌ಲೈನಿನಲ್ಲಿ ಹಾಕಿ. ಲೀನಿಯರ್ ಫೇಡ್ ಅರ್ಧ ದಾರಿಯವರೆಗೂ ಬೆಳ್ಳಗೇ ಇದ್ದು ಕೊನೆಗೆ ಬಾವಿಗೆ ಬಿದ್ದ ಹಾಗೆ ಇಳಿಯುತ್ತದೆ, ನನಗಂತೂ ಇಷ್ಟವಿಲ್ಲ. ACES ದಾರಿ ಹಿಡಿದರೆ ಟೈಟಲ್ ಹೊರಗಿಡಲು ಇನ್ನೊಂದು ಕಾರಣವೂ ಉಂಟು, ಅದರ ವ್ಯೂ 1.0ರ ಬಿಳಿಯನ್ನು ಪರದೆಯಲ್ಲಿ ಪೂರ್ತಿ ಬಿಳಿ ತೋರಿಸುವುದಿಲ್ಲ, ನಿಮ್ಮ ಬಿಳಿ ಅಕ್ಷರ ಒಗೆದು ಮಾಸಿದ ಬಟ್ಟೆಯ ಬಣ್ಣಕ್ಕೆ ಬರುತ್ತದೆ. ನಾನು ಮೇಲೆ ಕೊಟ್ಟ 188, 233 ಎಲ್ಲ ಸಾದಾ sRGB ವ್ಯೂನ ಅಂಕಿ, ACES ವ್ಯೂನಲ್ಲಿ ಅವೂ ಕೆಳಗೆ ಇಳಿಯುತ್ತವೆ.

ಅಲ್ಲೇ ಪಕ್ಕದಲ್ಲಿ Blend Colors Using 1.0 Gamma ಎಂಬ ಇನ್ನೊಂದು ಟಿಕ್ ಉಂಟಲ್ಲ, ಅದು ಅಗ್ಗದ ದಾರಿ. ಪದರಗಳ ಬೆರಕೆಯನ್ನು ಮಾತ್ರ ಬೆಳಕಿನಲ್ಲಿ ಮಾಡುತ್ತದೆ, ಪದರದೊಳಗಿನ ಬ್ಲರ್ ಹಳೆಯ ರೀತಿಯೇ. ನಿಮ್ಮ ಕೆಂಪು-ಹಸಿರು ಗೆರೆ ಅದರಲ್ಲಿ ಹೋಗುವುದಿಲ್ಲ.

ಕೊನೆಗೆ ಒಂದು ಬಲೆ. ನೀವು ವೇಷಧಾರಿಯನ್ನು ಕತ್ತರಿಸಿ ಕಪ್ಪು-ಬಿಳಿ ಮಾಸ್ಕ್ ಮಾಡಿಟ್ಟಿದ್ದರೆ, ಅದು PNG ಆಗಿದ್ದರೆ, ಸಾಫ್ಟ್‌ವೇರ್ ಅದನ್ನೂ ಚಿತ್ರ ಎಂದು ತಿಳಿದು ಲೀನಿಯರ್ ಮಾಡುತ್ತದೆ. ಮಾಸ್ಕ್ ಬೆಳಕಲ್ಲ, ಪಿಕ್ಸೆಲ್ಲಿನ ಎಷ್ಟು ಭಾಗ ಮುಚ್ಚಿದೆ ಎಂಬ ಲೆಕ್ಕ. ಅದರ 128 ಎಂದರೆ ಅರ್ಧವೇ, 0.216 ಅಲ್ಲ. ತಪ್ಪಿದರೆ ಅಂಚು ಒಳಗೆ ಸರಿದು, ಮುಂಡಾಸಿನ ಸುತ್ತದ ಸಣ್ಣ ಗೊಂಡೆ ಎಲ್ಲ ತಿಂದುಹೋಗುತ್ತದೆ. Interpret Footageನಲ್ಲಿ ಆ ಫೈಲಿಗೆ Preserve RGB ಹಾಕಿ, OCIO ಆದರೆ ರಾ ಎಂದು ಕೊಡಿ. ಹಾಗೆಯೇ ಈ ಕತ್ತರಿಸುವ ಕೆಲಸವನ್ನು ಗ್ಲೋಗಿಂತ ಮೊದಲು ಮುಗಿಸಿ. ದೊಂದಿ ಕಿರೀಟದ ಹಿಂದೆ ಹೋಗುವ ಫ್ರೇಮುಗಳಲ್ಲಿ ಮೊದಲು ವೇಷಧಾರಿಯನ್ನು ಜ್ವಾಲೆಯ ಮುಂದೆ ಕೂರಿಸಿ, ಆಮೇಲೆ ಆ ಎಲ್ಲದರ ಮೇಲೆ ಮೂರು ಬ್ಲರ್ ಹಾಕಬೇಕು. ಆಗ ಬೆಳಕು ಕಿರೀಟದ ಅಂಚನ್ನು ದಾಟಿ ಸ್ವಲ್ಪ ಒಳಗೂ ಸುರಿಯುತ್ತದೆ. ಗ್ಲೋ ಹಾಕಿ ಆಮೇಲೆ ವೇಷಧಾರಿಯನ್ನು ಅಂಟಿಸಿದರೆ ಆ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಫೋನಿನ ಕ್ಲೋಸಪ್ಪಿನಲ್ಲಿ ಇದೊಂದನ್ನು ಫ್ರೇಮ್ ಫ್ರೇಮ್ ನೋಡಿಯೇ ಕಳಿಸಿ.